ನಾಲ್ಕು ಟಿಕೆಟ್‌ನಲ್ಲಿ ಒಂದನ್ನು ಕ್ಯಾನ್ಸಲ್ ಮಾಡಿದರೆ ವಾಪಸ್ ಬರುವುದೆಷ್ಟು?

ಮನೆಮಂದಿಯ ವಿಮಾನ ಟಿಕೆಟ್‌ಗೆ ಕೊಟ್ಟ ಒಟ್ಟು ದುಡ್ಡನ್ನು ತಲೆಗೆ ಇಷ್ಟು ಅಂತ ಭಾಗಿಸಿ, ಅದರಲ್ಲಿ ಕ್ಯಾನ್ಸಲೇಶನ್ ಚಾರ್ಜ್ ಕಳೆದು, ಉಳಿದದ್ದೆಲ್ಲ ವಾಪಸ್ ಬರುತ್ತದೆ ಎಂದು ಕಾಯುವವರು ಬಹಳ ಮಂದಿ. ಬರುವುದು ಅದರ ಅರ್ಧದಷ್ಟು. ಆಮೇಲೆ ಕಸ್ಟಮರ್ ಕೇರ್ ಜೊತೆ ಜಗಳ. ಎಷ್ಟೋ ಸಲ ಅಲ್ಲಿ ಮೋಸವೇನೂ ನಡೆದಿರುವುದಿಲ್ಲ, ಲೆಕ್ಕ ಹಿಡಿದ ದಾರಿಯೇ ತಪ್ಪಿರುತ್ತದೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಅಂಕಿಗಳು ಲೆಕ್ಕಕ್ಕೆ ಹಿಡಿದವು, ನಿಮ್ಮ ಟಿಕೆಟ್‌ನಲ್ಲಿರುವ ಅಂಕಿಗಳನ್ನು ಅದೇ ಜಾಗಕ್ಕೆ ಹಾಕಿಕೊಳ್ಳಿ.

ಗಂಡ, ಹೆಂಡತಿ, ಎಂಟು ವರ್ಷದ ಮಗ, ಅಜ್ಜಿ. ಹೋಗುವುದಕ್ಕೆ ಮಾತ್ರ ಟಿಕೆಟ್, ಒಂದೇ ವಿಮಾನ. ಮಗನಿಗೂ ಪೂರ್ತಿ ಸೀಟಿನ ದರವೇ ಎಂದುಕೊಳ್ಳಿ. ತಲೆಗೆ ಮೂಲ ದರ 4,000, ವಿಮಾನ ಕಂಪನಿಯ ಇಂಧನ ಸರ್‌ಚಾರ್ಜ್ 500, ವಿಮಾನ ನಿಲ್ದಾಣದ ಶುಲ್ಕ 700. ಮೊದಲ ಎರಡು ಸೇರಿದ 4,500ರ ಮೇಲೆ 5% ತೆರಿಗೆ, ಅಂದರೆ 225. ಒಬ್ಬರಿಗೆ 5,425, ನಾಲ್ವರಿಗೆ 21,700. ಹುಡುಕುವಾಗ ಕಣ್ಣಿಗೆ ಬೀಳುವುದು ಈ ಮೊತ್ತ.

ಇದು ಕೈಚೀಲ ಮಾತ್ರ ಸೇರಿದ ಅಗ್ಗದ ದರ. ಹಾಗಾಗಿ ಚೆಕ್-ಇನ್ ಬ್ಯಾಗ್ ಬೇರೆ ಕೊಳ್ಳಬೇಕು. ಎರಡು ಬ್ಯಾಗ್, ಒಂದಕ್ಕೆ ತೆರಿಗೆ ಸೇರಿ 1,260, ಒಟ್ಟು 2,520. ಒಂದು ಬ್ಯಾಗ್ ಗಂಡನ ಹೆಸರಲ್ಲಿ, ಇನ್ನೊಂದು ಅಜ್ಜಿಯ ಹೆಸರಲ್ಲಿ. ಯಾರ ಹೆಸರಲ್ಲಿದ್ದರೇನು ಅನ್ನಿಸುತ್ತದೆ, ಅದರ ಮಾತು ಮುಂದೆ ಬರುತ್ತದೆ. ಕೊನೆಗೆ ಪಾವತಿಯ ಪುಟದಲ್ಲಿ ಕನ್ವೀನಿಯನ್ಸ್ ಫೀ: ತಲೆಗೆ 300, ಅದರ ಮೇಲೂ ತೆರಿಗೆ 60, ನಾಲ್ವರಿಗೆ 1,440. ಉಜ್ಜುವುದು ಒಂದೇ ಕಾರ್ಡು, ಒಂದೇ ಸಲ. ಆದರೂ ನಾಲ್ಕು ಫೀ! ನನಗಂತೂ ಇಡೀ ಬಿಲ್ಲಿನಲ್ಲಿ ಸಮರ್ಥನೆಯೇ ಇಲ್ಲದ ಸಾಲು ಇದು. ಬುಕಿಂಗ್‌ಗೆ ಒಂದು ಅಂತ ಹಿಡಿಯುವ ತಾಣಗಳೂ ಇವೆ, ಹಾಗಾಗಿ ಎರಡು ತಾಣಗಳ ಬೆಲೆ ಹೋಲಿಸುವುದಿದ್ದರೆ ಈ ಕೊನೆಯ ಪುಟದವರೆಗೆ ಹೋಗಿಯೇ ಹೋಲಿಸಬೇಕು.

ಒಟ್ಟು 25,660. ಮೊದಲು ಕಂಡದ್ದಕ್ಕಿಂತ 3,960 ಹೆಚ್ಚು.

ಈಗ ಅಜ್ಜಿ ಬರುವುದಿಲ್ಲ. ವಿಮಾನ ಕಂಪನಿಯ ಕ್ಯಾನ್ಸಲೇಶನ್ ಚಾರ್ಜ್ 3,000. ಮನೆಯಲ್ಲಿ ಹಾಕುವ ಲೆಕ್ಕ ಹೀಗಿರುತ್ತದೆ: 25,660ನ್ನು ನಾಲ್ಕರಿಂದ ಭಾಗಿಸಿದರೆ 6,415, ಅದರಲ್ಲಿ 3,000 ಹೋದರೆ 3,415 ಬರಬೇಕು. ಖಾತೆಗೆ ಬೀಳುವುದು 1,915. ನಡುವಿನ 1,500 ಎಲ್ಲಿ ಹೋಯಿತು?

ಕ್ಯಾನ್ಸಲೇಶನ್ ಲೆಕ್ಕ ಸಾಲುಸಾಲಾಗಿ ನಡೆಯುತ್ತದೆ. ಚಾರ್ಜ್ ಕಳೆಯುವುದು ದರದಿಂದ ಮಾತ್ರ: 4,500ರಲ್ಲಿ 3,000 ಹೋಗಿ 1,500 ಉಳಿಯಿತು. ಕಂಪನಿ ಇಟ್ಟುಕೊಂಡ 3,000ಕ್ಕೆ ತೆರಿಗೆ ಇದ್ದೇ ಇದೆ, 150. ಆದ್ದರಿಂದ 225ರಲ್ಲಿ 75 ಮಾತ್ರ ವಾಪಸ್. ನಿಲ್ದಾಣದ ಶುಲ್ಕ 700 ಪೂರ್ತಿ ವಾಪಸ್, ಯಾಕೆಂದರೆ ಅಜ್ಜಿ ಆ ನಿಲ್ದಾಣವನ್ನು ಬಳಸಲೇ ಇಲ್ಲ. ಮೂರೂ ಸೇರಿ 2,275. ಬುಕಿಂಗ್ ಮಾಡಿಕೊಟ್ಟ ತಾಣ ತನ್ನ ಸೇವಾ ಶುಲ್ಕ ಅಂತ ತೆರಿಗೆ ಸೇರಿ 360 ಮುರಿದುಕೊಂಡಿತು. ಉಳಿದದ್ದು 1,915. ಕನ್ವೀನಿಯನ್ಸ್ ಫೀ ಬರಲಿಲ್ಲ, ಬ್ಯಾಗಿನ ದುಡ್ಡೂ ಬರಲಿಲ್ಲ.

ಭಾಗಿಸಿ ಹಾಕಿದ ಲೆಕ್ಕ ಎಡವಿದ್ದು ಈ ನಾಲ್ಕು ಕಡೆ: ತಲೆಗೆ ಹಂಚಿದ ಬ್ಯಾಗಿನ ಪಾಲು 630, ಕನ್ವೀನಿಯನ್ಸ್ ಫೀ 360, ಚಾರ್ಜಿನ ಮೇಲಿನ ತೆರಿಗೆ 150, ತಾಣದ ಸೇವಾ ಶುಲ್ಕ 360. ಕೂಡಿಸಿ ನೋಡಿ, ಸರಿಯಾಗಿ 1,500.

ಇನ್ನೊಂದು ಗೊಂದಲ ಟಿಕೆಟ್ ಮೇಲಿನ ‘ತೆರಿಗೆ ಮತ್ತು ಶುಲ್ಕ’ ಎಂಬ ಸಾಲಿನದ್ದು. ಅಲ್ಲಿ 1,425 ಎಂದಿರುತ್ತದೆ. ತೆರಿಗೆ ವಾಪಸ್ ಕೊಡಲೇಬೇಕಲ್ಲ ಎಂದು ಅಷ್ಟನ್ನೂ ಕೇಳುವವರಿದ್ದಾರೆ. ಆದರೆ ಅದರೊಳಗೆ 500ರ ಇಂಧನ ಸರ್‌ಚಾರ್ಜ್ ಕೂತಿದೆ. ವಿವರವಾದ ಟಿಕೆಟ್‌ನಲ್ಲಿ ಅದು YQ ಅಥವಾ YR ಎಂಬ ಗುರುತಿನಲ್ಲಿ ಕಾಣುತ್ತದೆ. ತೆರಿಗೆಯ ಪಂಕ್ತಿಯಲ್ಲಿ ಕೂತರೂ ಅದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ, ವಿಮಾನ ಕಂಪನಿಯ ಆದಾಯವೇ. ರಿಫಂಡ್ ಬಂದಾಗ ಅದು ಸಾಮಾನ್ಯವಾಗಿ ದರದ ಜೊತೆ ಹೋಗುತ್ತದೆ.

ಹಾಗಂತ ನಿಲ್ದಾಣದ ಶುಲ್ಕವನ್ನು ಬಿಟ್ಟುಕೊಡಬೇಡಿ. ಟಿಕೆಟ್ ದರವೇ 2,000 ಇದ್ದು ಚಾರ್ಜ್ 3,000 ಎಂದಿದ್ದರೆ, ಏನೂ ಬರುವುದಿಲ್ಲ ಎಂದು ಕ್ಯಾನ್ಸಲ್ ಮಾಡದೆ ಸುಮ್ಮನಾಗುತ್ತಾರೆ. ದರ ಪೂರ್ತಿ ಹೋದರೂ ಆ 700 ಕೊಡುವ ಕಂಪನಿಗಳು ಬಹಳ ಇವೆ. ನಿಯಮದ ಪುಟದಲ್ಲಿ ನೋಡಿ, ಸಮಯ ಮೀರುವ ಮೊದಲು ಕ್ಯಾನ್ಸಲ್ ಮಾಡಿ.

ಈಗ ಬ್ಯಾಗಿನ ವಿಷಯ. ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಅಜ್ಜಿಯ ಹೆಸರಲ್ಲಿ ಕೊಂಡ ಬ್ಯಾಗು ಅಜ್ಜಿಯ ಟಿಕೆಟ್ ಜೊತೆಗೇ ಹೋಯಿತು, ತಾನಾಗಿ ಮಗನ ಹೆಸರಿಗೆ ಬರುವುದಿಲ್ಲ. ಆದರೆ ಸಾಮಾನು ಎರಡು ಬ್ಯಾಗಿನಷ್ಟೇ ಇದೆ, ಆದ್ದರಿಂದ ಇನ್ನೊಮ್ಮೆ 1,260 ಕೊಡಬೇಕು. ಕೌಂಟರ್‌ನಲ್ಲಿ ಕೊಂಡರೆ ಆನ್‌ಲೈನ್ ದರಕ್ಕಿಂತ ಹೆಚ್ಚೇ ಬೀಳುತ್ತದೆ. ಅಲ್ಲಿಗೆ ಬಂದ 1,915ರಲ್ಲಿ ಕೈಗೆ ಉಳಿದದ್ದು 655. ಬ್ಯಾಗು ಸೇರಿರುವ ದರದ ಟಿಕೆಟ್ ಆದರೂ ಎಚ್ಚರ ಬೇಕು. ತಲೆಗೆ 15 ಕೆಜಿ ಇದ್ದು, ನಾಲ್ವರದ್ದು ಒಟ್ಟಿಗೆ 60 ಕೆಜಿ ಅಂತ ಕಟ್ಟಿಟ್ಟಿದ್ದರೆ ಈಗ ಇರುವುದು 45.

ಇದಕ್ಕೆ ಪರಿಹಾರ ಬುಕಿಂಗ್ ಹೊತ್ತಲ್ಲೇ ಇದೆ. ಬ್ಯಾಗನ್ನು ಖಂಡಿತ ಹೊರಡುವವರ ಹೆಸರಲ್ಲಿ ಕೊಳ್ಳಿ. ಅನುಮಾನವಿದ್ದರೆ ಆಗ ಬರೀ ಸೀಟು ಕಾದಿರಿಸಿ, ಬ್ಯಾಗನ್ನು ಆಮೇಲೆ ಸೇರಿಸಿ, ಬೆಲೆ ಏರುವ ಮೊದಲು. ಬರುವುದೇ ಅನುಮಾನ ಎನ್ನುವವರಿಗೆ ಬೇರೆಯೇ ಪಿಎನ್‌ಆರ್ ಮಾಡಿಸುವುದೂ ಒಳ್ಳೆಯದು. ಕೆಲವೊಮ್ಮೆ ಅದು ಅಗ್ಗವೂ ಆಗುತ್ತದೆ: ಕಡಿಮೆ ದರದ ಸೀಟು ಮೂರೇ ಉಳಿದಿದ್ದಾಗ ನಾಲ್ವರಿಗೆ ಹುಡುಕಿದರೆ ನಾಲ್ವರಿಗೂ ಮೇಲಿನ ದರವನ್ನೇ ತೋರಿಸುವುದುಂಟು. ಮೂವರಿಗೆ ಒಮ್ಮೆ, ಒಬ್ಬರಿಗೆ ಒಮ್ಮೆ ಹುಡುಕಿ ನೋಡಿ. ಆದರೆ ವಿಮಾನದ ಸಮಯ ಬದಲಾದರೆ ಎರಡು ಬುಕಿಂಗನ್ನೂ ಬೇರೆಬೇರೆಯಾಗಿ ಸರಿಪಡಿಸಿಕೊಳ್ಳಬೇಕು, ಅದೊಂದು ತಲೆನೋವು.

ಕ್ಯಾನ್ಸಲ್ ಮಾಡುವಾಗ ಬುಕಿಂಗ್ ತೆರೆದರೆ ಅನೇಕ ತಾಣಗಳಲ್ಲಿ ಎಲ್ಲರ ಹೆಸರಿಗೂ ಟಿಕ್ ಬಿದ್ದೇ ಇರುತ್ತದೆ. ಮೂವರದ್ದು ತೆಗೆದು ಅಜ್ಜಿಯದ್ದು ಮಾತ್ರ ಉಳಿಸಿ. ಹೋಗಿ ಬರುವ ಟಿಕೆಟ್ ಆದರೆ ಎರಡೂ ಪ್ರಯಾಣ ಆಯ್ಕೆಯಾಗಿವೆಯೇ ನೋಡಿ, ಚಾರ್ಜು ಸಾಮಾನ್ಯವಾಗಿ ಒಂದೊಂದು ಪ್ರಯಾಣಕ್ಕೂ ಬೇರೆಬೇರೆ ಬೀಳುತ್ತದೆ. ಕೂಪನ್ ರಿಯಾಯಿತಿ ಪಡೆದಿದ್ದರೆ ಅಜ್ಜಿಯ ಪಾಲಿನ ರಿಯಾಯಿತಿಯನ್ನು ರಿಫಂಡ್‌ನಲ್ಲಿ ಮುರಿದುಕೊಳ್ಳುವ ತಾಣಗಳೂ ಇವೆ. ಕೊನೆಯ ಒತ್ತುವಿಕೆಗೆ ಮುಂಚೆ ಬರುವ ವಿವರದ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ‘ನಮ್ಮ ವಾಲೆಟ್‌ಗೆ ತಕ್ಷಣ’ ಎಂಬ ಆಯ್ಕೆ ಮೊದಲು ಕಾಣಿಸಿದರೆ ಅದರ ಅವಧಿ ನೋಡಿಯೇ ಒಪ್ಪಿ. ದುಡ್ಡು ಕಡಿಮೆ ಬಂದಾಗ ‘ರಿಫಂಡ್ ಕಮ್ಮಿ ಬಂದಿದೆ’ ಎಂದು ಬರೆಯುವ ಬದಲು ‘ನಿಲ್ದಾಣದ ಶುಲ್ಕ 700 ಇದರಲ್ಲಿ ಸೇರಿದೆಯೇ, ವಿಮಾನ ಕಂಪನಿ ಹಿಡಿದದ್ದೆಷ್ಟು, ನೀವು ಹಿಡಿದದ್ದೆಷ್ಟು’ ಎಂದು ಸಾಲು ಹಿಡಿದು ಕೇಳಿ. ಹಾಗೆ ಕೇಳಿದರೆ ನುಣುಚಿಕೊಳ್ಳುವುದು ಕಷ್ಟ.