ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ

ಯಂತ್ರವೇ ಫೋನಿನಲ್ಲಿ ಮಾತನಾಡಿದರೆ ಗ್ರಾಹಕರು ರೇಗುತ್ತಾರೆ ಎಂಬ ಸತ್ಯವನ್ನು ಕೊನೆಗೂ ಅರಿತ ಕೆಲವು ಕಾಲ್ ಸೆಂಟರ್‌ಗಳು, ಯಂತ್ರದ ಮಾತನ್ನು ಮನುಷ್ಯರ ಬಾಯಿಂದ ಆಡಿಸುವ ಸುಸಂಸ್ಕೃತ ಉಪಾಯವನ್ನು ಕಂಡುಕೊಂಡಿವೆ. ಕರೆ ನಡೆಯುತ್ತಿರುವಾಗಲೇ ತಂತ್ರಾಂಶವು ಮಾತನ್ನು ಅಕ್ಷರಕ್ಕಿಳಿಸಿ, ಗ್ರಾಹಕರ ಉದ್ದೇಶವೇನೆಂದು ಊಹಿಸಿ, ಅದಕ್ಕೊಪ್ಪುವ ಉತ್ತರವನ್ನು ಏಜೆಂಟರ ಪರದೆಯ ಅಂಚಿನಲ್ಲಿ ತೋರಿಸುತ್ತದೆ. ಅದು ಬರಿಯ ಸಲಹೆಯಷ್ಟೇ, ಪಾಲಿಸಲೇಬೇಕೆಂದಿಲ್ಲ. ಪಾಲಿಸಿದಿರೋ ಇಲ್ಲವೋ ಎಂಬುದನ್ನು ಮಾತ್ರ ಎಣಿಸಿ ಅಂಕ ಕೊಡಲಾಗುತ್ತದೆ.

ಇಂಥದೊಂದು ಕರೆಯನ್ನು ಊಹಿಸಿಕೊಳ್ಳೋಣ. "ಮೇಡಂ, ನಮ್ಮ ತಂದೆ ಹೋದ ತಿಂಗಳು ತೀರಿಕೊಂಡರು. ಅವರ ಹೆಸರಿನಲ್ಲಿರುವ ಫೋನ್ ಸಂಪರ್ಕವನ್ನು ರದ್ದು ಮಾಡಬೇಕಿತ್ತು" ಎಂದು ಒಬ್ಬರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಎರಡು ವಾಕ್ಯಗಳಲ್ಲಿ ಯಂತ್ರಕ್ಕೆ ಪರಿಚಿತವಾದ ಪದ 'ರದ್ದು' ಒಂದೇ. ರದ್ದತಿ ಎಂದರೆ ಗ್ರಾಹಕ ಕೈತಪ್ಪುತ್ತಿದ್ದಾನೆ ಎಂದು ಕಲಿತಿರುವ ಅದು, ಕೂಡಲೇ ಹೀಗೊಂದು ಉತ್ತರವನ್ನು ಮುಂದಿಡುತ್ತದೆ: "ತಾವು ನಮ್ಮನ್ನು ಬಿಟ್ಟು ಹೋಗುತ್ತಿರುವುದು ಬೇಸರದ ಸಂಗತಿ. ಇನ್ನೂ ಆರು ತಿಂಗಳು ಉಳಿಯುವುದಾದರೆ ಅರ್ಧ ದರದ ಸೌಲಭ್ಯವಿದೆ." ಮೃತರು ಒಪ್ಪಿದ್ದರೆ ಮನೆಯವರೂ ಬೇಡವೆನ್ನುತ್ತಿರಲಿಲ್ಲ. ಏಜೆಂಟ್ ಐದು ಸೆಕೆಂಡು ಸುಮ್ಮನಾಗುತ್ತಾರೆ. ಸಾವಿನ ಸುದ್ದಿ ಕೇಳಿದವರು ಸಾಮಾನ್ಯವಾಗಿ ಹಾಗೆಯೇ ಮಾಡುತ್ತಾರೆ. ಪರದೆ ಮಿನುಗುತ್ತದೆ: "ಮೌನ ದೀರ್ಘವಾಯಿತು. ಸಹಾನುಭೂತಿ ವ್ಯಕ್ತಪಡಿಸಿ."

ಆಕೆ ಪರದೆಯ ಕಡೆ ನೋಡದೆ, "ಕೇಳಿ ತುಂಬಾ ನೋವಾಯಿತು ಸರ್. ಮರಣ ಪ್ರಮಾಣಪತ್ರದ ಪ್ರತಿ ಕಳುಹಿಸಿ, ಮುಂದಿನ ಬಿಲ್ ಬಾರದಂತೆ ನಾನು ನೋಡಿಕೊಳ್ಳುತ್ತೇನೆ" ಎಂದು ಎರಡೇ ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ.

ಇಂಥ ಸಾಧನದಿಂದ ಪ್ರಯೋಜನವೇ ಇಲ್ಲವೆಂದರೆ ಅನ್ಯಾಯವಾದೀತು. ಚಾಟ್ ಮೂಲಕ ಉತ್ತರಿಸುವ 5,000ಕ್ಕೂ ಹೆಚ್ಚು ಸಿಬ್ಬಂದಿಯನ್ನು ಕುರಿತು ಬ್ರಿನ್ಯಾಲ್ಫ್‌ಸನ್, ಲೀ ಮತ್ತು ರೇಮಂಡ್ ಎಂಬ ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಟೆಗೆ ಬಗೆಹರಿಯುವ ದೂರುಗಳು ಸರಾಸರಿ ಶೇ. 14ರಷ್ಟು, ಹೊಸಬರಲ್ಲಿ ಶೇ. 34ರಷ್ಟು ಹೆಚ್ಚಿದ್ದವು, ನುರಿತವರಿಗೆ ಮಾತ್ರ ಹೇಳಿಕೊಳ್ಳುವಂಥ ಲಾಭವಾಗಿರಲಿಲ್ಲ. ಆಗುವುದಾದರೂ ಹೇಗೆ? ಯಂತ್ರ ಪಾಠ ಕಲಿತದ್ದೇ ನುರಿತವರ ಸಂಭಾಷಣೆಗಳಿಂದ. ಅವರ ಬುತ್ತಿಯನ್ನೇ ಅವರಿಗೆ ಬಡಿಸಿ, ಉಣ್ಣದಿದ್ದರೆ ಅಂಕ ಕಳೆಯುವುದು ಹೊಸ ಶಿಸ್ತು.

ನಮ್ಮ ಏಜೆಂಟರ ಆ ಕರೆಯ ಲೆಕ್ಕದಲ್ಲಿ, ತೋರಿಸಿದ ಸಲಹೆಗಳು ಎರಡು, ಬಳಸಿದ್ದು ಸೊನ್ನೆ. ಕರೆಯ ಸಾರಾಂಶವನ್ನು ಅವರು ಬರೆಯಬೇಕಾಗಿಯೂ ಇಲ್ಲ, ಯಂತ್ರವೇ ಬರೆದಿಟ್ಟಿದೆ: "ಗ್ರಾಹಕರು ರಿಯಾಯಿತಿಯಲ್ಲಿ ಆಸಕ್ತಿ ತೋರಲಿಲ್ಲ. ಮೂವತ್ತು ದಿನಗಳ ಬಳಿಕ ಖಾತೆದಾರರಿಗೆ ಮತ್ತೆ ಕರೆ ಮಾಡುವುದು."