ಪೆಟ್ಟಿಗೆಯ ಮೇಲೆ ಒಂದು ಟನ್, ಕೋಣೆಯೊಳಗೆ ಮುಕ್ಕಾಲೂ ಇಲ್ಲ

ಪೋರ್ಟಬಲ್ ಎಸಿ ಹಾಕಿದ ಮೊದಲ ಮಧ್ಯಾಹ್ನ ನಮ್ಮ ಮಲಗುವ ಕೋಣೆಗೆ ಬಂದದ್ದು ತಂಪಲ್ಲ, ಕೆಳಗಿನ ಮನೆಯವರ ಸಾರಿನ ಒಗ್ಗರಣೆ. ಇಂಗು, ಕರಿಬೇವು ಎಲ್ಲ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಕಿಟಕಿ ಹಾಕಿದೆ, ಬಾಗಿಲು ಹಾಕಿದೆ, ಆದರೂ ವಾಸನೆ ಇನ್ನಷ್ಟು ಜೋರಾಯಿತು. ಈ ವಾಸನೆಯ ಜಾಡು ಹಿಡಿದು ಹೋದಾಗಲೇ ನನ್ನ ಎಸಿ ಯಾಕೆ ಸರಿಯಾಗಿ ತಂಪು ಮಾಡುತ್ತಿಲ್ಲ ಎಂಬುದೂ ಅರ್ಥವಾದದ್ದು.

ಇದು 2024ರ ಏಪ್ರಿಲ್ ಮಾತು. ಆ ತಿಂಗಳ ಕೊನೆಗೆ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತ್ತು. ನಾವಿರುವುದು ಗಿರಿನಗರದ ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ. ತಲೆಯ ಮೇಲೆ ದಿನವಿಡೀ ಕಾದ ತಾರಸಿ, ಪಶ್ಚಿಮಕ್ಕೊಂದು ಕಿಟಕಿ. ಸ್ಪ್ಲಿಟ್ ಎಸಿ ಹಾಕಿಸುತ್ತೇನೆ ಎಂದಾಗ ಮನೆ ಮಾಲೀಕರಾದ ಅಮ್ಮನವರು, “ಗೋಡೆಗೆ ತೂತು ಹೊಡೆಯುವುದು ಬೇಡಪ್ಪ, ನೀವು ಬಿಟ್ಟು ಹೋದ ಮೇಲೆ ಯಾರು ಮುಚ್ಚುತ್ತಾರೆ?” ಎಂದರು. ಹಾಗಾಗಿ ಗಾಲಿಯಿರುವ, ಸೊಂಟದೆತ್ತರದ, ಹಿಂದೆ ಆನೆಯ ಸೊಂಡಿಲಿನಂಥ ಪೈಪಿರುವ ಯಂತ್ರ ಮನೆಗೆ ಬಂತು. ಪೆಟ್ಟಿಗೆಯ ಮೇಲೆ ಒಂದು ಟನ್ ಎಂದು ಬರೆದಿತ್ತು. ಗೆಳೆಯನೊಬ್ಬನ ಮನೆಯಲ್ಲಿ ಇಷ್ಟೇ ದೊಡ್ಡ ಕೋಣೆಯನ್ನು ಒಂದು ಟನ್ನಿನ ಸ್ಪ್ಲಿಟ್ ಮುಕ್ಕಾಲು ಗಂಟೆಯಲ್ಲಿ 25 ಡಿಗ್ರಿಗೆ ಇಳಿಸುತ್ತದೆ. ನಮ್ಮದು ಎರಡು ಗಂಟೆಗೆ ಶುರುವಾಗಿ ಐದು ಗಂಟೆಯಾದರೂ 28ರ ಆಸುಪಾಸಿನಲ್ಲೇ ಹೆಣಗುತ್ತಿತ್ತು.

ಎಸಿ ಎಂದರೆ ತಂಪನ್ನು ತಯಾರಿಸುವ ಯಂತ್ರವಲ್ಲ, ಕೋಣೆಯ ಶಾಖವನ್ನು ಹೊತ್ತು ಹೊರಗೆ ಸುರಿಯುವ ಯಂತ್ರ. ಸ್ಪ್ಲಿಟ್‌ನಲ್ಲಿ ಈ ಸುರಿಯುವ ಕೆಲಸ ಪೂರ್ತಿ ಹೊರಗೇ ನಡೆಯುತ್ತದೆ. ಗೋಡೆಯ ತೂತಿನಿಂದ ಎರಡು ತಾಮ್ರದ ಕೊಳವೆಗಳು ಹೋಗುತ್ತವೆ, ಅವುಗಳಲ್ಲಿ ಓಡುವ ಗ್ಯಾಸ್ ಶಾಖವನ್ನು ಹೊರಗಿನ ಘಟಕಕ್ಕೆ ಒಯ್ಯುತ್ತದೆ, ಅಲ್ಲಿನ ಫ್ಯಾನು ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಊದುತ್ತದೆ. ಕೋಣೆಯ ಗಾಳಿ ಕೋಣೆಯಲ್ಲೇ ಸುತ್ತುತ್ತದೆ. ಪೋರ್ಟಬಲ್‌ನಲ್ಲಿ ಬಿಸಿಯಾಗುವ ಕಂಡೆನ್ಸರ್ ಕೂಡ ಕೋಣೆಯೊಳಗೇ ಕೂತಿದೆ. ಅದನ್ನು ಆರಿಸಲು ಯಂತ್ರ ಬಳಸುವುದು ಕೋಣೆಯ ಗಾಳಿಯನ್ನು, ಅಂದರೆ ತಾನೇ ಕಷ್ಟಪಟ್ಟು ತಂಪು ಮಾಡಿದ ಗಾಳಿಯನ್ನು. ಅದನ್ನು ಕಾಯಿಸಿ ಸೊಂಡಿಲಿನಿಂದ ಕಿಟಕಿಯಾಚೆ ಊದುತ್ತದೆ. ಹೊರಗಿನ 35 ಡಿಗ್ರಿಗಿಂತ ಒಳಗಿನ 27 ಡಿಗ್ರಿಯ ಗಾಳಿ ಕಂಡೆನ್ಸರ್‌ಗೆ ಒಳ್ಳೆಯದೇ, ಆ ಮಟ್ಟಿಗೆ ಯಂತ್ರಕ್ಕೆ ಲಾಭ. ಆದರೆ ಆ ಗಾಳಿಗೆ ಕರೆಂಟು ಬಿಲ್ಲು ಕಟ್ಟಿದವರು ನಾವು.

ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು, ಕೋಣೆಯೇನೂ ಬಲೂನಿನಂತೆ ಕುಗ್ಗುವುದಿಲ್ಲ. ಎಷ್ಟು ಹೋಗುತ್ತಿದೆ ಎಂದು ತಿಳಿಯಲು ಸಹೋದ್ಯೋಗಿಯೊಬ್ಬರಿಂದ ಗಾಳಿಯ ವೇಗ ಅಳೆಯುವ, ಗಿರಿಗಿಟ್ಲೆಯಂಥ ಒಂದು ಮೀಟರ್ ತಂದೆ. ಪೈಪಿನ ಬಾಯಿಯಲ್ಲಿ ಹಿಡಿದಾಗ ಸೆಕೆಂಡಿಗೆ ಸುಮಾರು 7 ಮೀಟರ್ ತೋರಿಸಿತು. ಬಾಯಿಯ ವ್ಯಾಸ 15 ಸೆಂಟಿಮೀಟರ್. ಲೆಕ್ಕ ಹಾಕಿದರೆ ಗಂಟೆಗೆ ಹೆಚ್ಚುಕಡಿಮೆ 450 ಘನ ಮೀಟರ್. ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತಡಿ ಎತ್ತರದ ನಮ್ಮ ಕೋಣೆಯಲ್ಲಿರುವುದು ಒಟ್ಟು 34 ಘನ ಮೀಟರ್ ಗಾಳಿ. ಅಂದರೆ ಐದು ನಿಮಿಷ ತುಂಬುವುದರೊಳಗೆ ಕೋಣೆಯಷ್ಟು ಗಾಳಿ ಹೊರಗೆ ಹೋಗಿ, ಅಷ್ಟೇ ಗಾಳಿ ಎಲ್ಲೆಲ್ಲಿಂದಲೋ ಒಳಗೆ ಬಂದಿರುತ್ತದೆ.

ಎಲ್ಲೆಲ್ಲಿಂದ ಎಂಬುದನ್ನು ತೋರಿಸಿಕೊಟ್ಟದ್ದು ಊದುಬತ್ತಿ. ಯಂತ್ರ ಓಡುವಾಗ ಹೊತ್ತಿಸಿದ ಊದುಬತ್ತಿಯನ್ನು ಬಾಗಿಲ ಕೆಳಗಿನ ಸಂದಿಗೆ, ಕಿಟಕಿಯ ಚೌಕಟ್ಟಿಗೆ, ಸ್ನಾನದ ಮನೆಯ ಬಾಗಿಲಿಗೆ ಒಂದೊಂದಾಗಿ ಹಿಡಿದೆ. ಹೊಗೆ ಎಲ್ಲ ಕಡೆಯೂ ಕೋಣೆಯೊಳಕ್ಕೇ ಬಾಗಿತು. ಕಿಟಕಿಯ ಸಂದಿಯಲ್ಲಂತೂ ಯಾರೋ ಬಾಯಿಟ್ಟು ಹೀರುತ್ತಿದ್ದಾರೇನೋ ಎಂಬಂತೆ ಎಳೆದುಕೊಂಡಿತು. ಒಗ್ಗರಣೆ ಬರುತ್ತಿದ್ದದ್ದು ಸ್ನಾನದ ಮನೆಯ ವೆಂಟಿಲೇಟರ್‌ನಿಂದ. ಅದು ತೆರೆದುಕೊಳ್ಳುವ ಡಕ್ಟಿಗೇ ಕೆಳಗಿನವರ ಅಡುಗೆಮನೆಯ ಫ್ಯಾನೂ ತೆರೆದುಕೊಳ್ಳುತ್ತದೆ.

(ಇಲ್ಲೊಂದು ಎಚ್ಚರಿಕೆ. ಕೋಣೆಗೆ ಅಂಟಿದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದೂ ಇದೂ ಒಟ್ಟಿಗೆ ಓಡಬಾರದು. ಹೊರಗೆ ಹೋಗಬೇಕಾದ ಗೀಸರ್‌ನ ಹೊಗೆಯನ್ನು ಈ ಎಳೆತ ಒಳಗೆ ತರಬಲ್ಲದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಒಗ್ಗರಣೆಯ ಹಾಗೆ ವಾಸನೆಯೂ ಇರುವುದಿಲ್ಲ.)

ಇನ್ನು ಲೆಕ್ಕಕ್ಕೆ ಬರೋಣ. ಒಂದು ಟನ್ ಎಂದರೆ ಸುಮಾರು ಮೂರೂವರೆ ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮೂರಿನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಒಂದು ಕಿಲೋ ಚಿಲ್ಲರೆ, ಒಂದು ಕಿಲೋ ಎಂದೇ ಹಿಡಿಯಿರಿ. ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ತಂಪು ಮಾಡಲು ಬೇಕಾದದ್ದು ಒಂದು ಕಿಲೋಜೌಲ್. ಹೊರಗೆ 35, ಒಳಗೆ 27 ಇದ್ದರೆ ಗಂಟೆಗೆ 450 ಕಿಲೋ ಗಾಳಿಯನ್ನು 8 ಡಿಗ್ರಿ ಇಳಿಸಬೇಕು. ಅದು 3600 ಕಿಲೋಜೌಲ್, ಅಂದರೆ ಸರಿಯಾಗಿ ಒಂದು ಕಿಲೋವ್ಯಾಟ್. ಮೂರೂವರೆಯಲ್ಲಿ ಒಂದು ಇಲ್ಲೇ ಹೋಯಿತು. ಬಿಸಿ ಪೈಪು, ಕೋಣೆಯೊಳಗೇ ಗುಡುಗುವ ಕಂಪ್ರೆಸರ್, ಯಂತ್ರದ ಹಿಂಬದಿ ಇವೆಲ್ಲ ಸೇರಿ ಇನ್ನೊಂದು ಕಾಲು ಕಿಲೋವ್ಯಾಟ್ ವಾಪಸು ಕೊಡುತ್ತವೆ. ಉಳಿದದ್ದು ಎರಡು ಕಾಲು ಕಿಲೋವ್ಯಾಟ್, ಮುಕ್ಕಾಲು ಟನ್ನಿಗೂ ಕಡಿಮೆ. ತಾರಸಿ ಸುರಿಸುವ ಶಾಖಕ್ಕೆ ಇದು ಯಾವ ಮೂಲೆಗೆ?

ತಯಾರಕರು ಸುಳ್ಳು ಬರೆದಿದ್ದಾರೆ ಎನ್ನಲಾಗದು. ಯಂತ್ರದಿಂದ ಹೊರಬರುವ ತಂಪನ್ನು ಅಳೆದರೆ ಒಂದು ಟನ್ ಇರುತ್ತದೆ, ಸಂದಿಗಳಿಂದ ನುಗ್ಗುವ ಬಿಸಿಗಾಳಿ ಆ ಲೆಕ್ಕದಲ್ಲಿ ಬರುವುದಿಲ್ಲ, ಅಷ್ಟೇ. ಅಮೆರಿಕದಲ್ಲಿ ಈ ನಷ್ಟವನ್ನೂ ಕಳೆದು ತೋರಿಸುವ ಎರಡನೆಯ ಅಂಕಿಯೊಂದಿದೆ. ಅಲ್ಲಿ ತಂಪಿನ ಶಕ್ತಿಯನ್ನು ಟನ್ನಿನ ಬದಲು ಬಿಟಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ, 14,000 ಬಿಟಿಯು ಎಂಬ ಯಂತ್ರ ಆ ಎರಡನೆಯ ಲೆಕ್ಕದಲ್ಲಿ ಹತ್ತು ಸಾವಿರಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುವುದು ಸಾಮಾನ್ಯ. ನಾನು ಕೊಂಡ ಪೆಟ್ಟಿಗೆಯ ಮೇಲೆ ಇದ್ದದ್ದು ದೊಡ್ಡ ಅಂಕಿ ಮಾತ್ರ. ಈ ಬಗ್ಗೆ ನನಗೆ ಸಿಟ್ಟಿದೆ.

ಆದರೂ ದುಡ್ಡು ಕೊಟ್ಟಾಗಿತ್ತು. ಹಾಗಾಗಿ ಪೈಪನ್ನು ಸರಿ ಮಾಡಲು ಕೂತೆ. ಜೊತೆಗೆ ಬಂದ ಪ್ಲಾಸ್ಟಿಕ್ ಪಟ್ಟಿ ಸರಿದು ತೆರೆಯುವ ಕಿಟಕಿಗಳಿಗೆಂದೇ ಮಾಡಿದ್ದು. ನಮ್ಮದು ಹೊರಗೆ ತೆರೆಯುವ ಮರದ ಬಾಗಿಲುಗಳ, ಒಳಗೆ ಕಬ್ಬಿಣದ ಗ್ರಿಲ್ ಇರುವ ಹಳೆಯ ಕಿಟಕಿ. ಮೊದಲ ವಾರ ಗ್ರಿಲ್ಲಿಗೆ ಪೈಪಿನ ಬಾಯಿ ಕಟ್ಟಿ, ಉಳಿದ ಜಾಗಕ್ಕೆ ಪರದೆ ಎಳೆದಿದ್ದೆ. ಹೊರಗೆ ಊದಿದ ಬಿಸಿಗಾಳಿ ಪಕ್ಕದಿಂದ ಮತ್ತೆ ಒಳಗೇ ಬರುತ್ತಿತ್ತು. ಪರದೆ ಒಳಮುಖವಾಗಿ ಉಬ್ಬಿದಾಗಲೇ ನನಗೆ ಹೊಳೆಯಬೇಕಿತ್ತು.

ಕೊನೆಗೆ ಬಡಗಿಯೊಬ್ಬರಿಂದ ಕಿಟಕಿಯ ಒಂದು ಭಾಗದ ಅಳತೆಗೆ ಪ್ಲೈವುಡ್ ಕತ್ತರಿಸಿ, ಆರಿಂಚಿನ ತೂತು ಕೊರೆಸಿ, ಗ್ರಿಲ್ಲಿಗೆ ಒಳಗಿನಿಂದ ಒತ್ತಿ ಕೂರಿಸಿದೆ. ತೂತು ಗ್ರಿಲ್ಲಿನ ಕಂಬಿಗಳ ನಡುವಿನ ಜಾಗಕ್ಕೆ ಸರಿಯಾಗಿ ಬರುವಂತೆ ನೋಡಿಕೊಂಡೆ. ಅಂಚಿಗೆಲ್ಲ ಫೋಮ್ ಟೇಪ್. ಸೊಳ್ಳೆ ಬರುತ್ತದೆಂದು ಪೈಪಿನ ಬಾಯಿಗೆ ಬಲೆ ಹಾಕುವ ಆಸೆಯಾಯಿತು, ಆದರೆ ಬಲೆ ಗಾಳಿಯನ್ನು ತಡೆದರೆ ಕಂಡೆನ್ಸರ್ ಕಾದು ಯಂತ್ರ ಇನ್ನೂ ಬಸವಳಿಯುತ್ತದೆ. ಯಂತ್ರ ನಿಂತಾಗ ಮುಚ್ಚಲು ಒಂದು ಮುಚ್ಚಳ ಸಾಕು.

ಪೈಪಿನ ವಿಷಯದಲ್ಲಿ ನಿಯಮ ಒಂದೇ: ಎಷ್ಟು ಗಿಡ್ಡ, ಎಷ್ಟು ನೇರ ಸಾಧ್ಯವೋ ಅಷ್ಟು. ಮಂಚದ ಆಚೆ ಇಡೋಣ ಎಂದು ಇನ್ನೊಂದು ಪೈಪು ಜೋಡಿಸಿದರೆ ಗಾಳಿಗೆ ತಡೆಯೂ ಹೆಚ್ಚು, ಕೋಣೆಗೆ ಬಿಸಿಯೂ ಹೆಚ್ಚು. ನಾನು ಯಂತ್ರವನ್ನೇ ಕಿಟಕಿಯ ಕೆಳಗೆ ತಂದು, ಒಂದೂವರೆ ಮೀಟರಿನ ಪೈಪನ್ನು ಅರ್ಧಕ್ಕರ್ಧ ಕುಗ್ಗಿಸಿ, ಒಂದೇ ಬಾಗು ಉಳಿಸಿದೆ. ಅದರೊಳಗಿನ ಗಾಳಿ 50 ಡಿಗ್ರಿಗೂ ಮೇಲಿರುತ್ತದೆ, ಪೈಪಿಗೋ ತೆಳ್ಳಗಿನ ಪ್ಲಾಸ್ಟಿಕ್ ಚರ್ಮ. ಕೋಣೆಯಲ್ಲಿ ಒಂದು ಸಣ್ಣ ಹೀಟರ್ ಇಟ್ಟ ಹಾಗೆಯೇ. ಎಸಿ ಮೆಕ್ಯಾನಿಕ್‌ಗಳು ತಾಮ್ರದ ಕೊಳವೆಗೆ ಹಾಕುವ ಕಪ್ಪು ಫೋಮ್ ಹಾಳೆಯ ರೂಪದಲ್ಲೂ ಸಿಗುತ್ತದೆ, ಅದನ್ನು ಸುತ್ತಿದೆ. ನೋಡಲು ಚೆನ್ನಾಗಿಲ್ಲ. ಹೆಂಡತಿ ಅದಕ್ಕೆ ಹೆಬ್ಬಾವು ಎಂದು ಹೆಸರಿಟ್ಟಿದ್ದಾಳೆ.

ಇಷ್ಟೆಲ್ಲ ಮಾಡಿದ ಹುಮ್ಮಸ್ಸಿನಲ್ಲಿ ಬಾಗಿಲ ಸಂದಿಗೂ ಬಟ್ಟೆ ತುರುಕಿದೆ. ಅದು ತಪ್ಪಾಗಿತ್ತು. ಹೊರಗೆ ಹೋದ ಗಾಳಿಗೆ ಬದಲು ಬೇಕೇ ಬೇಕು, ಒಂದು ದಾರಿ ಮುಚ್ಚಿದರೆ ಇನ್ನೊಂದರಿಂದ ಎಳೆದುಕೊಳ್ಳುತ್ತದೆ. ಬಿಸಿಲಿಗೆ ಕಾದ ಪಶ್ಚಿಮದ ಕಿಟಕಿಯ ಸಂದಿಗಳಲ್ಲಿ ಊದುಬತ್ತಿಯ ಹೊಗೆ ಮೊದಲಿಗಿಂತ ಜೋರಾಗಿ ಒಳಗೆ ನುಗ್ಗಿತು. ಹಾಗಾಗಿ ಎಲ್ಲಿಂದ ಬರಬೇಕು ಎಂಬುದನ್ನು ನಾವೇ ಆರಿಸಿಕೊಳ್ಳಬೇಕು. ಈಗ ಕಿಟಕಿ, ಸ್ನಾನದ ಮನೆಯ ಬಾಗಿಲು ಎರಡನ್ನೂ ಬಿಗಿಯಾಗಿ ಮುಚ್ಚಿ, ಹಾಲಿನ ಕಡೆಯ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಡುತ್ತೇವೆ. ಉತ್ತರಕ್ಕಿರುವ ಹಾಲ್ ಮಧ್ಯಾಹ್ನವೂ 31 ದಾಟುವುದಿಲ್ಲ. 35ರ ಬದಲು 31ರ ಗಾಳಿ ಬಂದರೆ ಆ ಒಂದು ಕಿಲೋವ್ಯಾಟ್ ನಷ್ಟ ಅರ್ಧಕ್ಕಿಳಿಯುತ್ತದೆ. 28ರಲ್ಲಿ ನಿಲ್ಲುತ್ತಿದ್ದ ಕೋಣೆ ಇದೆಲ್ಲದರ ನಂತರ ಮೂರೂವರೆ ಗಂಟೆಯ ಬಿಸಿಲಿನಲ್ಲೂ 26ರ ಹತ್ತಿರ ಬಂತು. ಹಾಲ್ ಮಾತ್ರ ಸ್ವಲ್ಪ ಸೆಕೆಯಾಗುತ್ತದೆ, ಅದು ಒಪ್ಪಿಕೊಂಡ ಬೆಲೆ.

ನನಗೆ ನಗು ಬರುವುದು ಇನ್ನೊಂದಕ್ಕೆ. ರಾತ್ರಿ ಹತ್ತರ ಮೇಲೆ ಹೊರಗೆ 25 ಇರುವಾಗ ಈ ಯಂತ್ರ ಅದ್ಭುತವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಸಂದಿಯಿಂದ ಬರುವುದೂ ತಂಪು ಗಾಳಿಯೇ. ಆದರೆ ಆ ಹೊತ್ತಿಗೆ ಕಿಟಕಿ ತೆರೆದು ಫ್ಯಾನು ಹಾಕಿದರೂ ಆಗುತ್ತದೆ. ಮಧ್ಯಾಹ್ನ, ನಿಜವಾಗಿ ಬೇಕಾದಾಗಲೇ ಇದು ಅತಿ ಹೆಚ್ಚು ಸೋರುತ್ತದೆ. ನಮ್ಮ ಬೇಸಿಗೆಯ ಒಣ ಗಾಳಿ ಅಷ್ಟಾದರೂ ದಯೆ ತೋರುತ್ತದೆ. ಮಂಗಳೂರಿನಲ್ಲಾದರೆ ನುಗ್ಗುವ ಗಾಳಿಯ ತೇವವನ್ನು ಹಿಂಡುವುದಕ್ಕೂ ಶಕ್ತಿ ಖರ್ಚಾಗುತ್ತಿತ್ತು.

ಹೊರಗಿನ ಗಾಳಿಯನ್ನು ತರಲು ಬೇರೆಯೇ ಪೈಪಿರುವ ಎರಡು ಪೈಪಿನ ಯಂತ್ರಗಳು ಈ ಸೋರಿಕೆಯನ್ನು ಬಹುಮಟ್ಟಿಗೆ ತಪ್ಪಿಸುತ್ತವೆ. ನಾನು ಸುತ್ತಿದ ಅಂಗಡಿಗಳಲ್ಲಿ ಒಂದೂ ಕಾಣಲಿಲ್ಲ.

ಮೊನ್ನೆ ಕೆಂಗೇರಿಯಲ್ಲಿರುವ ಚಿಕ್ಕಪ್ಪನ ಮಗಳು ಫೋನ್ ಮಾಡಿ, “ಅಣ್ಣ, ನಿನ್ನದರಂಥದ್ದೇ ಒಂದು ತೆಗೆದುಕೊಳ್ಳಲಾ?” ಎಂದು ಕೇಳಿದಳು. ಯಾವ ಹೊತ್ತಿಗೆ ಬೇಕು ಎಂದೆ. ರಾತ್ರಿ ಪಾಳಿಯ ಕೆಲಸ, ಮಲಗುವುದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಅವಳದ್ದೂ ಮೇಲಿನ ಮಹಡಿ. ಹಾಗಾದರೆ ಸ್ಪ್ಲಿಟ್ಟೇ ಹಾಕಿಸು, ಅದರ ತೂತಿನ ಅಗಲ ಮೂರಿಂಚು ಮಾತ್ರ, ಮನೆ ಬಿಡುವಾಗ ಗಾರೆಯವರನ್ನು ಕರೆಸಿ ಮುಚ್ಚಿಸಿ ಬಣ್ಣ ಬಳಿಸಿ ಕೊಡುತ್ತೇನೆ ಎಂದು ಕರಾರು ಪತ್ರದಲ್ಲೇ ಬರೆದುಕೊಡು, ಇನ್ನೊಮ್ಮೆ ಮನೆ ಮಾಲೀಕರನ್ನು ಕೇಳು ಎಂದೆ. ಭಾನುವಾರ ಮಾತಾಡುತ್ತಾಳಂತೆ. ಒಪ್ಪದಿದ್ದರೆ ನಮ್ಮ ಬಡಗಿಯ ನಂಬರು ಕೊಡುತ್ತೇನೆ.