ಬಿಲ್ಹಣ ಬರೆದಿದ್ದೆಲ್ಲಾ ನಡೆದ ಇತಿಹಾಸ ಅಲ್ಲ

"ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯಂಗೆ ಸಿಂಹಾಸನ ಬೇಕಿರ್ಲಿಲ್ಲ, ಶಿವನೇ ಕನಸಲ್ಲಿ ಹೇಳಿದ್ದಕ್ಕೆ ಅಣ್ಣನ ಮೇಲೆ ಯುದ್ಧಕ್ಕೆ ಹೋದ, ಬಿಲ್ಹಣನೇ ಬರ್ದಿದಾನೆ" ಅಂತ ಹೇಳೋರಿದ್ದಾರೆ.

ಬರ್ದಿರೋದು ನಿಜ. ಆದ್ರೆ ಬಿಲ್ಹಣ ಕಾಶ್ಮೀರದಿಂದ ಬಂದು ಇದೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿ, ಅಂದ್ರೆ ಮುಖ್ಯ ಪಂಡಿತ ಆಗಿದ್ದ ಕವಿ, ಅಣ್ಣನ್ನ ಇಳಿಸಿ ಪಟ್ಟಕ್ಕೆ ಬಂದ ದೊರೆಗೆ ಕನಸಿನ ಕಥೆ ಎಷ್ಟು ಅನುಕೂಲ ಅಂತ ಯೋಚ್ನೆ ಮಾಡಿ.

ಶಾಸನಗಳ ಪ್ರಕಾರ 1068ರಿಂದ 1076ರವರೆಗೆ ಆಳಿದ್ದು ಅಣ್ಣ ಎರಡನೇ ಸೋಮೇಶ್ವರ, 1076ರಿಂದ ವಿಕ್ರಮಾದಿತ್ಯ ತಾನು ಪಟ್ಟಕ್ಕೆ ಬಂದಾಗಿಂದ ಎಣಿಸಿದ ಚಾಲುಕ್ಯ ವಿಕ್ರಮ ಶಕೆ ಶುರು, ಇಷ್ಟು ಗಟ್ಟಿ.

ಮಧ್ಯದ್ದು ನೋಡಿ. ಚೋಳರಾಜನೇ ಸ್ನೇಹ ಬಯಸಿ ಮಗಳನ್ನ ಕೊಟ್ಟ ಅಂತಾನೆ ಬಿಲ್ಹಣ. ವೀರರಾಜೇಂದ್ರ ಚೋಳನ ಶಾಸನದಲ್ಲಿ ಉಲ್ಟಾ, ವಿಕ್ರಮಾದಿತ್ಯ ತನ್ನ ಪಾದಕ್ಕೆ ಶರಣು ಬಂದ, ತಾನೇ ಅವನಿಗೆ ರಾಜಪದವಿಯ ಗುರುತಾದ ಕೊರಳ ಆಭರಣ ಕಂಠಿಕೆ ಕಟ್ಟಿದೆ ಅಂತ. ಅದೂ ಹೊಗಳಿಕೆನೇ, ಯಾರು ಯಾರ ಹತ್ರ ಹೋದ್ರು ಅನ್ನೋದಕ್ಕೆ ಇಬ್ರನ್ನೂ ನಂಬೋಕಾಗಲ್ಲ. ಆದ್ರೆ ಎದುರುಬದುರು ಇದ್ದ ಎರಡು ಆಸ್ಥಾನಗಳೂ ಒಪ್ಪೋ ವಿಷಯ ಒಂದಿದೆ, ಇಬ್ರೂ ಕೈ ಜೋಡಿಸಿದ್ದು. ವೀರರಾಜೇಂದ್ರ ಸತ್ತಿದ್ದು 1070ರ ಸುಮಾರಿಗೆ, ಅಂದ್ರೆ ಅಣ್ಣ ಪಟ್ಟಕ್ಕೆ ಬಂದ ಒಂದೆರಡು ವರ್ಷದಲ್ಲೇ ತಮ್ಮ ಚೋಳರ ಜೊತೆ ಸೇರಿದ್ದ.

ಸೋಮೇಶ್ವರ ದುಷ್ಟ ಅನ್ನೋದಕ್ಕಂತೂ ಗೆದ್ದವನ ಕಡೆಯವರ ಮಾತೇ ಆಧಾರ, ದಯವಿಟ್ಟು ಅದನ್ನ ಸತ್ಯ ಅಂತ ಶೇರ್ ಮಾಡ್ಬೇಡಿ.